ಅರ್ಧ ದಿನದ ಭತ್ತೆ

ಪುಣೆಗೆ ಹೊರಡುವ ಮುಂಚೆಯೇ ಖರ್ಚಿನ ತಖ್ತೆಗೆ ನಾನು ಗೆರೆ ಹಾಕಿ ಇಟ್ಟುಕೊಂಡಿದ್ದೆ. ತಾರೀಖು, ಖರ್ಚಿನ ಬಾಬು, ರಸೀದಿ ನಂಬರು, ಮೊತ್ತ. ಒಂದು ಫುಲ್‌ಸ್ಕೇಪ್ ಹಾಳೆಯನ್ನು ನಾಲ್ಕು ಪಾಲು ಮಾಡಿ, ಮಡಚಿ, ಅಂಗಿಯ ಒಳಜೇಬಿನಲ್ಲಿ ಇಟ್ಟಿದ್ದೆ. ಹೋದಲ್ಲಿ ಬಂದಲ್ಲಿ ಅಲ್ಲಲ್ಲೇ ಬರೆದುಕೊಂಡರೆ ಊರಿಗೆ ಬಂದ ಮೇಲೆ ತಲೆ ಕೆರೆದುಕೊಳ್ಳುವ ಪ್ರಸಂಗ ಬರುವುದಿಲ್ಲ ಎಂದು ನನ್ನ ಎಣಿಕೆ.

ಕಲಘಟಗಿ ತಾಲೂಕಿನಲ್ಲಿ, ಮಿಶ್ರಿಕೋಟಿ ದಾಟಿ ಸ್ವಲ್ಪ ಮುಂದೆ ರಸ್ತೆಯ ಬಾಜು ಇದ್ದ ಸಹಕಾರಿ ಸಂಘದ ಅಕ್ಕಿ ಗಿರಣಿಯಲ್ಲಿ ನಾನಾಗ ಗುಮಾಸ್ತ. ಇಪ್ಪತ್ತೈದರ ವಯಸ್ಸು. ಅಣ್ಣಿಗೇರಿ ಕಡೆಯ ಮಾಸ್ತರರ ಮಗ. ಎರೆಭೂಮಿಯಲ್ಲಿ ಬೆಳೆದವನಿಗೆ ಭತ್ತದ ಗದ್ದೆ ನೋಡುವುದೇ ಒಂದು ಹೊಸತು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಎರಡೋ ಮೂರೋ ವರ್ಷವಾಗಿತ್ತು. ಆಫೀಸಿನ ಹಳೆಯ ಫಾರಂಗಳ ಮೇಲೆ ಇನ್ನೂ ಮೈಸೂರು ಎಂದೇ ಅಚ್ಚಾಗಿತ್ತು. ಅದನ್ನು ಹೊಡೆದು ಹಾಕಿ ಮೇಲೆ ಹೊಸ ಹೆಸರು ಬರೆಯುವುದೂ ನನ್ನ ಕೆಲಸಗಳಲ್ಲಿ ಒಂದಾಗಿತ್ತು.

ಆ ವರ್ಷ ದೀಪಾವಳಿ ಮುಗಿದು ಭತ್ತ ಗಿರಣಿಗೆ ಬರಲು ಸುರುವಾದ ಹೊತ್ತಿಗೆ ದೊಡ್ಡ ಯಂತ್ರದ ಶಾಫ್ಟು ಸೀಳು ಬಿಟ್ಟಿತು. ಹುಬ್ಬಳ್ಳಿಯಲ್ಲಿ ಬೆಸುಗೆ ಹಾಕಿಸಿದರೆ ಎಂಟು ದಿನ ನಡೆದು ಮತ್ತೆ ಸೀಳಿತು. ಯಂತ್ರ ಮಾಡಿದ ಕಾರಖಾನೆ ಪುಣೆಯಲ್ಲಿ. ಅವರಿಗೆ ತಾರು ಕೊಟ್ಟು, ಅರ್ಧ ಹಣ ಕಳಿಸಿ ಆಯಿತು. ಉಳಿದ ಏಳುನೂರು ರೂಪಾಯಿಯನ್ನು ನಗದು ರೋಖ ಕೊಟ್ಟು, ಶಾಫ್ಟನ್ನು ಅಳತೆ ಮಾಡಿ ನೋಡಿ, ಕೈಯಲ್ಲೇ ತರಬೇಕೆಂದು ಸಂಘದವರು ಠರಾಯಿಸಿದರು. ಅಳತೆ ನೋಡಲು ಮಿಸ್ತ್ರಿ, ಹಣ ನೋಡಲು ನಾನು.

ಮಿಸ್ತ್ರಿಯವರು ತಂಬೂರಿನವರು. ಐವತ್ತು ದಾಟಿದ, ಗಿಡ್ಡನೆಯ, ಗಟ್ಟಿಮುಟ್ಟಾದ ಆಳು. ಗಿರಣಿ ಕಟ್ಟಿದ ದಿನದಿಂದ ಅಲ್ಲೇ ಇದ್ದರು. ಎಲ್ಲರೂ ಅವರನ್ನು ಮಿಸ್ತ್ರಿ ಎನ್ನುತ್ತಿದ್ದರು, ನಾನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ತಮ್ಮಾ ಎಂದು ಕರೆಯುತ್ತಿದ್ದರು. ಸಿಟ್ಟು ಬಂದಾಗ ಮಾತ್ರ "ಲೇ ಕಾರಕೂನ" ಎನ್ನುತ್ತಿದ್ದರು. ಹೊರಡುವ ದಿನ ಅವರ ಕೈಯಲ್ಲಿ ಇದ್ದ ಚೀಲದ ತುಂಬ ಸಜ್ಜಿರೊಟ್ಟಿ, ಶೇಂಗಾ ಚಟ್ನಿ.

"ಇಷ್ಟು ಯಾಕ ಕಾಕಾ? ದಿನಾ ಭತ್ತೆ ಕೊಡತಾರಲ್ಲ, ಖಾನಾವಳಿಯೊಳಗ ಉಣ್ಣೂಣು" ಎಂದೆ.

"ನೀ ಉಣ್ಣು. ಭತ್ತೆ ಉಳಿಸಿ ನಿಮ್ಮ ಕಾಕೂಗ ಒಂದು ಇಳಕಲ್ಲ ಸೀರಿ ತರತೇನಿ ಅಂತ ಮಾತ ಕೊಟ್ಟೇನಿ" ಎಂದು ನಕ್ಕರು.

ಹುಬ್ಬಳ್ಳಿಯಿಂದ ಮೀಟರ್ ಗೇಜಿನ ಸಣ್ಣ ಗಾಡಿ ಹತ್ತಿ, ಮಿರಜಿನಲ್ಲಿ ಇಳಿದು ಬ್ರಾಡ್ ಗೇಜಿನ ದೊಡ್ಡ ಗಾಡಿ ಹತ್ತಿದೆವು. ಟಿಕೀಟುಗಳನ್ನು ಸ್ಟೇಶನ್ನಿನ ಬಾಗಿಲಲ್ಲಿ ಕಸಿದುಕೊಳ್ಳುತ್ತಾರೆಂದು ಗಾಡಿಯಲ್ಲೇ ಅವುಗಳ ನಂಬರನ್ನು ತಖ್ತೆಯ ಮೂರನೆಯ ಮನೆಯಲ್ಲಿ ಬರೆದುಕೊಂಡೆ. ಕಾಕಾ ಕಿಡಕಿಯ ಹತ್ತಿರ ಕೂತು ರೊಟ್ಟಿ ಮುರಿಯುತ್ತ ಅದನ್ನೇ ನೋಡುತ್ತಿದ್ದರು.

"ನಾವು ಸೀದಾ ಹೋಗಿ ಸೀದಾ ಬಂದೇವಿ ಅನ್ನೋದಕ್ಕ ಇಷ್ಟೆಲ್ಲಾ ಪುರಾವೆ ಬೇಕೇನು?"

"ಬೇಕು ಕಾಕಾ. ನಂಬರ್ ಇಲ್ಲಾಂದ್ರ ರೊಕ್ಕ ಇಲ್ಲ."

ಪುಣೆಯಲ್ಲಿ ಸ್ಟೇಶನ್ನಿಗೆ ಹತ್ತಿರದ ಒಂದು ಲಾಜಿನಲ್ಲಿ ಇಳಿದುಕೊಂಡೆವು. ಮರುದಿನ ಕಾರಖಾನೆಗೆ ಹೋದರೆ ಶಾಫ್ಟು ತಯಾರಾಗಿತ್ತು, ಆದರೆ ಬೇರಿಂಗ್ ಕೂರುವ ಜಾಗದಲ್ಲಿ ಸಡಿಲ. ಕಾಕಾ ಬೇಡ ಎಂದರು. ಅವರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು, ನನಗೆ ಕೇಳಿದರೆ ತಿಳಿಯುವಷ್ಟು. ಕಾರಖಾನೆಯವರೊಡನೆ ಒಂದು ತಾಸು ಜಗಳಾಡಿ, ಮತ್ತೊಂದನ್ನು ಕೊರೆದು ಕೊಡುವುದಕ್ಕೆ ಒಪ್ಪಿಸಿದರು. ಅದಕ್ಕೆ ಎರಡು ದಿನ ಬೇಕೆಂದರು. ಸಂಜೆ ಪೇಟೆಯಲ್ಲಿ ಅಡ್ಡಾಡಿದೆವು. ಕಾಕಾ ಒಂದು ಅಂಗಡಿಯ ಮುಂದೆ ನಿಂತು ಸೀರೆಗಳನ್ನು ನೋಡಿದರು. ಒಳಗೆ ಹೋಗಲಿಲ್ಲ.

"ಇಳಕಲ್ಲಿನ ಸೀರಿ ಪುಣ್ಯಾದಾಗ ಕೊಂಡ್ರ ಆಕಿ ನಗತಾಳ. ಹುಬ್ಬಳ್ಳಿಯೊಳಗ ತಗೊಂಡ್ರಾತು" ಎಂದರು.

ಮರುದಿನ ಬೆಳಿಗ್ಗೆ ಅವರು ಹಾಸಿಗೆಯಿಂದ ಏಳಲಿಲ್ಲ. ಮೈಯೆಲ್ಲ ಬೆವರು. ಎದೆಯ ಮೇಲೆ ಕಲ್ಲು ಇಟ್ಟಂತಾಗೈತಿ ಎಂದರು. ರೊಟ್ಟಿ ಹಳಸಿ ಪಿತ್ತವಾಗಿದೆ ಎಂದು ನಾನು ಸೋಡಾ ತಂದುಕೊಟ್ಟೆ. ಒಂದು ಗುಟುಕು ಕುಡಿದು ಬಾಟಲಿ ಕೆಳಗಿಟ್ಟರು. ಲಾಜಿನ ಮಾಲಕರು ಬಂದು ನೋಡಿ, "ಸೋಡಾ ಬಿಡ್ರಿ, ದವಾಖಾನಿಗೆ ಒಯ್ಯಿರಿ" ಎಂದು ಮರಾಠಿಯಲ್ಲಿ ಗದರಿಸಿ ರಿಕ್ಷಾ ಕರೆಸಿದರು. ಸರಕಾರಿ ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಒಯ್ದರು, ನನ್ನನ್ನು ಹೊರಗೆ ಬಾಕಿನ ಮೇಲೆ ಕೂಡಿಸಿದರು. ಒಳಗೆ ಹೋಗುವಾಗ ಕಾಕಾ ನನ್ನ ಕೈ ಹಿಡಿದು, "ತಮ್ಮಾ, ಹೆಚ್ಚುಕಡಿಮಿ ಆತಂದ್ರ ನನ್ನ ಇಲ್ಲಿ ಬಿಟ್ಟು ಹೋಗಬ್ಯಾಡ" ಎಂದರು. ಅಂಥದ್ದೇನೂ ಆಗುವುದಿಲ್ಲ ಎಂದು ನಾನು ಹೇಳಿದೆ. ಹನ್ನೊಂದು ಗಂಟೆಯ ಸುಮಾರಿಗೆ ಒಬ್ಬ ಡಾಕ್ಟರು ಹೊರಗೆ ಬಂದು ನಿಮ್ಮವರು ಹೋದರು ಎಂದರು.

ನನಗೆ ಅಳು ಬರಲಿಲ್ಲ. ಬಾಕಿನ ಮೇಲೆ ಕೂತವನಿಗೆ ಏಳಬೇಕೆಂದೇ ಅನಿಸಲಿಲ್ಲ. ಲಾಜಿನ ಮಾಲಕರೇ ಮತ್ತೆ ಬಂದರು. ಇಲ್ಲೇ ಸಂಸ್ಕಾರ ಮಾಡಿಸಿರಿ, ಇಷ್ಟು ದೂರ ಹೇಗೆ ಒಯ್ಯುತ್ತೀರಿ ಎಂದು ತಿಳಿಹೇಳಿದರು. ಅವರದು ತಪ್ಪು ಮಾತೇನೂ ಅಲ್ಲ. ಆದರೆ ಕಾಕಾ ಕೊರಳಲ್ಲಿ ಲಿಂಗ ಕಟ್ಟಿದ ಮನೆತನದವರು. ಅವರನ್ನು ಸುಡುವ ಹಾಗಿಲ್ಲ, ಮಣ್ಣು ಮಾಡಬೇಕು. ಅದೂ ಅವರ ಹೊಲದಲ್ಲಿ, ಅವರ ತಂದೆಯ ಗದ್ದುಗೆಯ ಬದಿಗೆ. ಮನೆಯವರು ಮುಖ ನೋಡಬೇಕು. ಮೇಲಾಗಿ ಅವರು ಬಾಯಿಬಿಟ್ಟು ಹೇಳಿದ ಮಾತು ನನ್ನ ಕಿವಿಯಲ್ಲೇ ಇತ್ತು.

ನನ್ನ ಹತ್ತಿರ ಇದ್ದದ್ದು ಪ್ರವಾಸದ ಮುಂಗಡದಲ್ಲಿ ಉಳಿದ ಚೂರುಪಾರು, ಮತ್ತು ಶಾಫ್ಟಿಗೆಂದು ಇಟ್ಟ ಏಳುನೂರು. ಮಾಲಕರ ಪರಿಚಯದ ಒಬ್ಬ ಮೆಟಡೋರ್ ವ್ಯಾನಿನವನು ಆರುನೂರೈವತ್ತಕ್ಕೆ ಒಪ್ಪಿದ. ಹೋಗುವುದೂ ಬರುವುದೂ ಸೇರಿ ಅವನ ಲೆಕ್ಕ. ಗಡಿಯಲ್ಲಿ ತಡೆದರೆ ತೋರಿಸಲು ಆಸ್ಪತ್ರೆಯವರಿಂದ ಕಾಗದ ಮಾಡಿಸಿಕೊಂಡೆ. ಹೊರಡುವ ಮುಂಚೆ ಡ್ರೈವರನ ಕೈಯಿಂದ ಹಣ ಮುಟ್ಟಿದ್ದಕ್ಕೆ ಒಂದು ಚೀಟಿ ಬರೆಸಿಕೊಂಡೆ. ಅಂಥ ಹೊತ್ತಿನಲ್ಲೂ ಚೀಟಿ ಬರೆಸಿಕೊಂಡೆನಲ್ಲ ಎಂದು ದಾರಿಯುದ್ದಕ್ಕೂ ನನ್ನ ಬಗ್ಗೆ ನನಗೇ ಹೇಸಿಕೆಯಾಗುತ್ತಿತ್ತು. ಹೇಸಿಕೆಯಾಗಲಿ, ಬರೆಸಿಕೊಂಡದ್ದು ಒಳ್ಳೆಯದಾಯಿತು.

ಬೆಳಗಾಗುವಾಗ ಧಾರವಾಡ ದಾಟಿದೆವು. ತಂಬೂರಿನ ಅಗಸಿಬಾಗಿಲಲ್ಲಿ ಮೆಟಡೋರು ನಿಂತಾಗ ನಡೆದದ್ದನ್ನು ನಾನು ಬರೆಯಲಾರೆ. ಮಧ್ಯಾಹ್ನ ಅವರನ್ನು ಕೂಡಿಸಿ, ವಿಭೂತಿ ಹಚ್ಚಿ, ಹೊಲಕ್ಕೆ ಒಯ್ದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಎಂಟು ದಿನ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಆಮೇಲೆ ಸೆಕ್ರೆಟರಿಯವರು ಕರೆದರು. ಅವರು ರಾಯರು, ಸಂಘದ ನಿಯಮಗಳ ಪುಸ್ತಕವೆಲ್ಲ ಅವರ ತಲೆಯಲ್ಲಿತ್ತು. ಕೆಟ್ಟ ಮನುಷ್ಯರಲ್ಲ. ಮಿಸ್ತ್ರಿಯ ಮಣ್ಣಿಗೆ ಬಂದು ಸ್ನಾನ ಮಾಡಿ ಹೋದವರು.

"ತಖ್ತೆ ಬರದೀಯೇನು?" ಎಂದರು.

ಕೊಟ್ಟೆ. ಅವರು ಕನ್ನಡಕ ಏರಿಸಿ, ಪೆನ್ಸಿಲು ಹಿಡಿದು ಒಂದೊಂದು ಸಾಲನ್ನೂ ಓದಿದರು. ರೈಲಿನ ಟಿಕೀಟು, ನಂಬರ್ ಅದ, ಸರಿ. ಲಾಜಿನ ಬಾಡಿಗೆ, ರಸೀದಿ ಅದ, ಸರಿ. ರಿಕ್ಷಾ, ರಸೀದಿ ಇಲ್ಲ, ಸಣ್ಣ ಖರ್ಚು, ನಡೀತದ. ಭತ್ತೆಗೆ ರಸೀದಿ ಬೇಡ, ದಿನದ ದರ ಗೊತ್ತಿದ್ದದ್ದೇ. ಅಲ್ಲಿ ಅವರು ನಿಂತರು.

"ಮಿಸ್ತ್ರಿದು ಎಷ್ಟು ದಿನದ ಹಿಡದೀ?"

"ನಾಲ್ಕು ದಿನರಿ. ಇಬ್ಬರದೂ ಅಷ್ಟಽ. ಹೊರಟ ದಿನದಿಂದ ತಂಬೂರ ಮುಟ್ಟಿದ ದಿನದ ತನಕ."

ಅವರು ಪೆನ್ಸಿಲನ್ನು ಆ ಸಾಲಿನ ಮೇಲೆ ಇಟ್ಟರು. "ಹಂಗ ಬರಂಗಿಲ್ಲಪಾ. ಭತ್ತೆ ಊಟಕ್ಕ ಕೊಡೋದು. ಅವರು ಹೋಗಿದ್ದು ಮೂರನೇ ದಿನ, ಹನ್ನೊಂದಕ್ಕ. ಹನ್ನೆರಡು ತಾಸು ತುಂಬಲಿಲ್ಲಂದ್ರ ಆ ದಿನಕ್ಕ ಅರ್ಧಾ ಭತ್ತೆ. ಮುಂದಿನ ದಿನದ್ದು ಇಲ್ಲ." ಪೆನ್ಸಿಲಿನಿಂದ ನಾಲ್ಕನ್ನು ಹೊಡೆದು ಎರಡೂವರೆ ಎಂದು ಬರೆದರು. 

ಕೊನೆಯ ಸಾಲು: "ಮಿಸ್ತ್ರಿಯವರ ಪಾರ್ಥಿವ ಶರೀರ ತಂದ ಮೋಟಾರು ಬಾಡಿಗೆ. ರಸೀದಿ ನಂಬರ್ ಇಲ್ಲ, ಚೀಟಿ ಲಗತ್ತಿಸಿದೆ. ೬೫೦-೦೦."

"ಇದಕ್ಕ ಬಾಬು ಎಲ್ಲಿ ಅದ ಹೇಳು. ಪ್ರವಾಸದ ನಿಯಮದಾಗ ರೈಲು, ಬಸ್ಸು, ವಸ್ತಿ, ಭತ್ತೆ, ಸಾಮಾನು ಸಾಗಣೆ, ಚಿಲ್ಲರೆ ಖರ್ಚು. ಇಷ್ಟಽ. ಹೆಣಾ ತರೋದು ಅಂತ ಬಾಬು ಇಲ್ಲ. ಮತ್ತ ಚೀಟಿಗೆ ರೆವಿನ್ಯೂ ಸ್ಟಾಂಪೂ ಇಲ್ಲ. ಇಪ್ಪತ್ತು ರೂಪಾಯಿ ಮ್ಯಾಲಿನದಕ್ಕ ಸ್ಟಾಂಪ್ ಬೇಕು ಅನ್ನೋದು ನಿನಗ ನಾ ಕಲಸಬೇಕೇನು?"

"ಆ ಹೊತ್ತಿನ್ಯಾಗ ಸ್ಟಾಂಪ್ ಎಲ್ಲಿ ಹುಡುಕ್ಲಿರಿ ರಾಯರ?"

"ನನಗ ತಿಳೀತದ. ಆಡಿಟ್ ಮಾಡಾವಗ ತಿಳೀಬೇಕಲ್ಲ."

ಅಷ್ಟರಲ್ಲಿ ಹೊರಗಿನ ಸಿಟ್ಟೂ ಒಳಗೆ ಬರತೊಡಗಿತ್ತು. ಗಿರಣಿ ನಿಂತು ಹೋಗಿತ್ತು. ಅಂಗಳದಲ್ಲಿ ಭತ್ತದ ಚೀಲಗಳು ಒಟ್ಟಿದ್ದವು. ದೇವಿಕೊಪ್ಪದ ಕಡೆಯ ಮೆಂಬರರು ಚಕ್ಕಡಿ ತಿರುಗಿಸಿಕೊಂಡು ಖಾಸಗಿ ಗಿರಣಿಗೆ ಹೋದರು. ಶಾಫ್ಟಿನ ರೊಕ್ಕ ಹೆಣದ ಬಾಡಿಗೆಗೆ ಹೋಯಿತು ಎಂದು ನನ್ನ ಎದುರಿಗೇ ಒಬ್ಬರು ಅಂದರು. ಅವರನ್ನು ಬೈಯುವುದಕ್ಕೂ ನನಗೆ ಬಾಯಿ ಬರಲಿಲ್ಲ. ಅವರ ಭತ್ತಕ್ಕೆ ಇಬ್ಬನಿ ಬೀಳುತ್ತಿತ್ತು. ಸಂಘದಿಂದ ಮತ್ತೆ ಹಣ ಕಳಿಸಿ, ಶಾಫ್ಟು ಲಾರಿಯಲ್ಲಿ ಬಂದು, ಗಿರಣಿ ತಿರುಗಿದ್ದು ಮೂರು ವಾರಗಳ ನಂತರ.

ಆ ಶಾಫ್ಟು ಬಂದ ವಾರವೇ ರಾಯರು ಒಂದು ಹೊಸ ಹಾಳೆಯನ್ನು ನನ್ನ ಕೈಗಿಟ್ಟರು. ತಾವೇ ಚೊಕ್ಕ ಅಕ್ಷರದಲ್ಲಿ ಬರೆದ ಶುದ್ಧ ಪ್ರತಿ. ಮುಂಗಡ ನಮ್ಮಿಬ್ಬರ ಹೆಸರಿನಲ್ಲಿ ಕೂಡಿಯೇ ಇತ್ತು, ಹಾಗಾಗಿ ತಖ್ತೆಗೆ ಇಬ್ಬರ ಸಹಿಯೂ ಬೇಕು. ಮಿಸ್ತ್ರಿಯ ಜಾಗದಲ್ಲಿ ಅವರ ಹೆಂಡತಿ ಸಹಿ ಮಾಡಬೇಕು. ಈ ಲೆಕ್ಕ ಮುಗಿದ ಹೊರತು ಮಿಸ್ತ್ರಿಯವರಿಂದ ಬಾಕಿ ಇಲ್ಲ ಎಂಬ ದಾಖಲೆ ಆಗುವುದಿಲ್ಲ. ಅದು ಆದ ಹೊರತು ಅವರ ಪ್ರಾವಿಡೆಂಟ್ ಫಂಡು, ಕೊನೆಯ ತಿಂಗಳ ಪಗಾರ ಯಾವುದನ್ನೂ ಮನೆಯವರಿಗೆ ಕೊಡುವ ಹಾಗಿಲ್ಲ.

"ನಾಳೆ ತಂಬೂರಿಗೆ ಹೋಗಿ ಸಹಿ ಮಾಡಿಸಿಕೊಂಡು ಬಾ. ಎಲ್ಲಾ ಸರಿ ಮಾಡೇನಿ" ಎಂದರು.

ಬಸ್ಸಿನಲ್ಲಿ ಕೂತ ಮೇಲೆ ಓದಿದೆ. ಮೆಟಡೋರಿನ ಸಾಲು ಹೀಗಿತ್ತು: "ಸಾಮಾನು ಸಾಗಣೆ, ಪುಣೆಯಿಂದ. ೬೫೦-೦೦." ಚೀಟಿಯ ಮೇಲೆ ಸ್ಟಾಂಪು ಅಂಟಿಸಿತ್ತು. ಮೂರನೆಯ ಮನೆಯಲ್ಲಿ ಒಂದು ನಂಬರೂ ಬಿದ್ದಿತ್ತು.

 ರಾಯರು ನನ್ನನ್ನು ಉಳಿಸಲೆಂದೇ ಬರೆದದ್ದು, ಅದರಲ್ಲಿ ಸಂಶಯವಿಲ್ಲ. ಇಲ್ಲದಿದ್ದರೆ ಆ ಹಣ ನನ್ನ ಹೆಸರಿಗೆ ಬಾಕಿ ಬೀಳುತ್ತಿತ್ತು, ನನ್ನ ನಾಲ್ಕು ತಿಂಗಳ ಪಗಾರಕ್ಕಿಂತ ಹೆಚ್ಚು. ಆದರೆ ಆ ಮೆಟಡೋರಿನ ಹಿಂಬದಿಯಲ್ಲಿ ರಾತ್ರಿಯಿಡೀ ಕೂತು, ತಗ್ಗು ಬಂದಾಗೆಲ್ಲ ಅವರ ತಲೆ ಅಲುಗಾಡದಂತೆ ಎರಡೂ ಕೈಯಿಂದ ಹಿಡಿದವನು ನಾನು. ಇಳಿದು ತಿರುಗಿ ಹೋಗಿಬಿಡಲೇ ಎನಿಸಿತು. ಹೋಗಲಿಲ್ಲ.

ಕಾಕೂ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಮೊರ ಬದಿಗಿಟ್ಟು ನೀರು ಕೊಟ್ಟರು. ಅವರಿಗೆ ಓದಲು ಬರುತ್ತಿತ್ತು. ತವರಿನಲ್ಲಿ ಕನ್ನಡ ಸಾಲೆಗೆ ಹೋದವರು; ದಿನಾ ಪೂಜೆಯ ನಂತರ ವಚನದ ಪುಸ್ತಕ ಓದುವವರು. ನಾನು ಹಾಳೆಯನ್ನು ಚೀಲದಿಂದ ತೆಗೆಯದೆ ಬಾಯಿಮಾತಿನಲ್ಲೇ ಹೇಳಲು ನೋಡಿದೆ. ಅವರು ಕೈ ಚಾಚಿದರು.

"ಕೊಡು ಇಲ್ಲೆ. ಸಹಿ ಮಾಡೂದಂದ್ರ ಓದಬೇಕಲ್ಲ."

ಬೆರಳು ಇಟ್ಟು ಸಾಲು ಸಾಲಾಗಿ ಓದಿದರು. ರೈಲು. ಲಾಜು. ರಿಕ್ಷಾ. ಪ್ರತಿ ಸಾಲಿಗೂ ನಾನು ನಡೆದದ್ದನ್ನು ಹೇಳಬೇಕಾಯಿತು. ಅಲ್ಲಿಯವರೆಗೆ ಆ ನಾಲ್ಕು ದಿನದ ಸಂಗತಿಯನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮಿರಜಿನಲ್ಲಿ ಗಾಡಿ ತಡವಾದದ್ದು, ಕಾರಖಾನೆಯವರೊಡನೆ ಜಗಳ, ಸೀರೆ ಅಂಗಡಿಯ ಮುಂದೆ ನಿಂತದ್ದು ಎಲ್ಲ ಹೇಳಿದೆ. ಸೀರೆಯ ಮಾತಿಗೆ ಅವರು ಸೆರಗನ್ನು ಬಾಯಿಗೆ ಹಿಡಿದರು. ಭತ್ತೆಯ ಸಾಲಿಗೆ ಬಂದು ಬೆರಳು ನಿಂತಿತು.

"ನಿಂದು ನಾಕ ದಿನ. ಅವರದು ಎರಡೂವರಿ. ಈ ಅರ್ಧಾ ಯಾಕ?"

ನಾನಲ್ಲದೆ ಬೇರೆ ಯಾರು ಹೇಳಬೇಕು? "ಹನ್ನೊಂದಕ್ಕ… ಹನ್ನೆರಡು ತಾಸು ತುಂಬಲಿಲ್ಲ ಅಂತ ಹಂಗ ಹಿಡದಾರ ಕಾಕೂ" ಎಂದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಮತ್ತೆ ಹಾಳೆಯ ಕಡೆ ನೋಡಿದರು. "ಅವತ್ತು ಏನರ ಉಂಡಿದ್ರೇನು?"

"ಇಲ್ಲ. ಒಂದು ಗುಟುಕ ಸೋಡಾ."

"ಹಂಗಾರ ಅರ್ಧಾನೂ ಹೆಚ್ಚಾತು" ಎಂದರು. ಅದು ಸಿಟ್ಟೋ ಸಂಕಟವೋ ನನಗೆ ತಿಳಿಯಲಿಲ್ಲ. ಆಮೇಲೆ ಕೊನೆಯ ಸಾಲಿಗೆ ಬಂದರು. "ಸಾಮಾನು ಸಾಗಣೆ. ಯಾವ ಸಾಮಾನ ತಂದ್ರಿ ತಮ್ಮಾ? ಶಾಫ್ಟು ಲಾರ್‍ಯಾಗ ಬಂತಂತಲ್ಲ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಯಮದಲ್ಲಿ ಬಾಬು ಇಲ್ಲ ಎಂದು, ರಾಯರು ಹೀಗೆ ಬರೆದಿದ್ದಾರೆಂದು, ಇದಕ್ಕೆ ನಾನು ಸಹಿ ಮಾಡುವುದಿಲ್ಲ ಎಂದು.  ನನ್ನ ಈ ಮಾತಿಗೆ ಅವರಿಗೆ ಸಮಾಧಾನವಾಗಬಹುದೆಂದು ನಾನು ತಿಳಿದಿದ್ದೆ.

ಅವರು ಹಾಳೆಯನ್ನು ಮೊಣಕಾಲ ಮೇಲೆ ಹರವಿಟ್ಟುಕೊಂಡರು.

"ಹಿಂಗ ಬರದ್ರ ಪಾಸ್ ಆಕ್ಕೈತೇನು?"

"ಆಕ್ಕೈತಿ."

"ನಿನ್ನ ಪಗಾರದಾಗ ಮುರಕೊಳ್ಳೂದಿಲ್ಲ?"

"ಇಲ್ಲ."

"ನನಗ ಬರೂದು ಬರತೈತಿ?"

"ಬರತೈತಿ. ಈ ತಿಂಗಳದಾಗ."

"ಪೆನ್ನು ಕೊಡು."

ನಾನು ಕೊಡಲಿಲ್ಲ. "ಕಾಕೂ, ಅವರನ್ನ ಸಾಮಾನು ಅಂತ…" ಎಂದಷ್ಟೇ ಅಂದೆ.

"ಏ ತಮ್ಮಾ" ಎಂದರು. ಧ್ವನಿ ಏರಲಿಲ್ಲ. "ನಾ ಅವರ ಜೋಡಿ ಮೂವತ್ತು ವರ್ಷ ಬಾಳ್ವೆ ಮಾಡೇನಿ. ಅವರು ಏನು ಅನ್ನೋದು ನಿಮ್ಮ ಹಾಳಿ ನನಗ ಹೇಳಬೇಕೇನು? ನೀ ಅವರನ್ನ ನನ್ನ ಬಾಗಲಕ್ಕ ತಂದು ಮುಟ್ಟಿಸಿದಿ. ಅಲ್ಲಿಗೆ ನಿನ್ನ ಋಣಾ ಹರೀತು. ಈಗ ನಿನ್ನ ಮನಸಿನ ಸಮಾಧಾನಕ್ಕ ನನ್ನ ಯಾಕ ಕಾಯಸ್ತಿ?"

  ಆದರೂ ಅಂದು ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು ಎದ್ದೆ. ಎಂಟು ದಿನ ಕೊಡ್ರಿ, ಕಮಿಟಿಯ ಮುಂದೆ ಇಡುತ್ತೇನೆ ಎಂದೆ. ಅವರು ಬಾಗಿಲ ತನಕ ಬರಲಿಲ್ಲ. ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಕೇರತೊಡಗಿದ ಸಪ್ಪಳ ಹಿಂದೆ ಕೇಳಿಸಿತು.

ಸಹಿಯಿಲ್ಲದ ಹಾಳೆಯನ್ನು ಮೇಜಿನ ಮೇಲೆ ಇಟ್ಟಾಗ ರಾಯರ ಮುಖ ಕೆಂಪಾಯಿತು. "ನಿನ್ನ ಸಲುವಾಗಿ ನಾ ಸುಳ್ಳು ಬರದೆ. ನಾ ಸುಳ್ಳಾದೆ, ನೀ ಹರಿಶ್ಚಂದ್ರ ಆದಿ" ಎಂದರು. ಅವರ ಮಾತಿನಲ್ಲೂ ಹುರುಳಿತ್ತು. ಮುಂದೆ ಬಹಳ ದಿನ ಅವರು ಕೆಲಸದ ಮಾತಿನ ಹೊರತು ನನ್ನೊಡನೆ ಬೇರೆ ಮಾತಾಡಲಿಲ್ಲ.

ಕಮಿಟಿಯ ಸಭೆಗೆ ನನ್ನನ್ನು ಒಳಗೆ ಕರೆದರು. ಚೇರಮನ್ನರು ಗೌಡರು, ಎಪ್ಪತ್ತು ಎಕರೆಯ ಧಣಿಗಳು, ಮಾತು ಕಮ್ಮಿ. ಮೆಂಬರರು ಒಬ್ಬೊಬ್ಬರಾಗಿ ಅಂದರು. ಶಾಫ್ಟಿನ ಹಣ ಮುಟ್ಟಲು ಗುಮಾಸ್ತನಿಗೆ ಯಾರು ಹೇಳಿದರು? ತಾರು ಕೊಟ್ಟು ಕೇಳಬೇಕಾಗಿತ್ತು. ಇವತ್ತು ಇದನ್ನು ಬಿಟ್ಟರೆ ನಾಳೆ ಎಲ್ಲರೂ ಕೈಗೆ ಬಂದ ಹಣ ಖರ್ಚು ಮಾಡಿ ಚೀಟಿ ತರುತ್ತಾರೆ. ಮೂರು ವಾರದ ನುಕಸಾನು ಯಾರ ಬಾಬಿಗೆ ಹಾಕೋಣ? ನಾನು ಗೋಡೆಗೆ ಒರಗಿ ನಿಂತಿದ್ದೆ.

ಕೊನೆಗೆ ಗೌಡರು ಬಾಯಿ ತೆರೆದರು. "ತಾರು ಕೊಟ್ಟಿದ್ರ ನೀವು ಏನು ಹೇಳತಿದ್ರಿ? ಅಲ್ಲೇ ಬಿಟ್ಟು ಶಾಫ್ಟ್ ತಗೊಂಡು ಬಾ ಅಂತ ಹೇಳತಿದ್ರೇನು?"

ಗೌಡರು ಸುತ್ತ ಕೂತವರನ್ನು ಒಂದು ಸಲ ನೋಡಿದರು.

"ಅದನ್ನ ಬಾಯಿಬಿಟ್ಟು ಹೇಳಾವ ಇದ್ರ ಕೈ ಎತ್ತರಿ."

ಒಂದು ಕೈಯೂ ಏಳಲಿಲ್ಲ. ಗೌಡರು ರಾಯರ ಕಡೆ ತಿರುಗಿದರು. "ಬಾಬು ಇಲ್ಲ ಅಂತೀರಿ. ಸಂಘದ ಕೆಲಸಕ್ಕ ಹೋದ ಮನಶ್ಯಾನ್ನ ಸಂಘ ಮನಿಗೆ ಮುಟ್ಟಸಬೇಕು. ಬಾಬು ಇಲ್ಲಂದ್ರ ಠರಾವು ಬರೀರಿ. ಹ್ಯಾಂಗ ಬರೀತೀರಿ ಅನ್ನೋದು ನಿಮ್ಮ ಕೆಲಸ."

ರಾಯರು ಬರೆದರು, ಅವರಿಗಿಂತ ಚೆನ್ನಾಗಿ ಬರೆಯುವವರು ಯಾರೂ ಇರಲಿಲ್ಲ. ಮೋಟಾರು ಬಾಡಿಗೆಯನ್ನು ಪ್ರವಾಸದ ತಖ್ತೆಯಿಂದ ತೆಗೆದು, ವಿಶೇಷ ಖರ್ಚು ಎಂದು ಬೇರೆ ಮಂಜೂರಿ ಮಾಡುವುದು. ಬರೆಸಿದಾಗ ಸ್ಟಾಂಪು ಇಲ್ಲದಿದ್ದ ಮೂಲ ಚೀಟಿಯ ಜೊತೆಗೆ, ಈ ಹಣವನ್ನು ನಿಜವಾಗಿ ಕೊಟ್ಟಿದ್ದೇನೆ ಎಂದು ನನ್ನ ಕೈಬರಹದ ದೃಢೀಕರಣ ಲಗತ್ತಿಸುವುದು. ನಿಯಮದಲ್ಲಿ ಇಲ್ಲದ ಖರ್ಚಾದ್ದರಿಂದ ಮೇಲಿನ ಕಚೇರಿಯ ಒಪ್ಪಿಗೆ ಪಡೆಯುವುದು.

ಆ ಒಂದು ಕಡೆಯ ವಾಕ್ಯ ನಮ್ಮನ್ನು ಕೊಂದಿತು. ಧಾರವಾಡದಲ್ಲಿದ್ದ ಆ ಮೇಲಿನ ಕಚೇರಿಯಿಂದ ಪ್ರಶ್ನೆ ಬಂತು: ಮೃತರನ್ನು ಸ್ಥಳದಲ್ಲೇ ಸಂಸ್ಕಾರ ಮಾಡದಿರಲು ಕಾರಣವೇನು? ಉತ್ತರ ಬರೆದೆವು. ಮತ್ತೆ ಪ್ರಶ್ನೆ: ಬಾಡಿಗೆಯ ದರ ಯೋಗ್ಯವೆಂಬುದಕ್ಕೆ ಆಧಾರವೇನು? ಹುಬ್ಬಳ್ಳಿಯ ಮೋಟಾರಿನವರಿಂದ ದರ ಬರೆಸಿ ತಂದು ಕಳಿಸಿದೆ. ಕಡತ ಮುಂಗಾರಿನವರೆಗೂ ಅಲ್ಲೇ ಉಳಿಯಿತು. ಧಾರವಾಡಕ್ಕೆ ಎಷ್ಟು ಸಲ ಹೋದೆನೋ, ಆ ಬಸ್ಸಿನ ಟಿಕೀಟುಗಳನ್ನು ಯಾವ ತಖ್ತೆಯಲ್ಲೂ ಬರೆಯಲಿಲ್ಲ.

ಅಷ್ಟೂ ತಿಂಗಳು ಕಾಕೂಗೆ ಫಂಡಿನ ಹಣ ಸಿಗಲಿಲ್ಲ. ಕಡೆಯ ಪಗಾರವನ್ನಾದರೂ ಕೊಡಿಸಲು ನೋಡಿದೆ, ಆಗಲಿಲ್ಲ. ಒಂದು ಸಲ ನನ್ನ ಪಗಾರದಲ್ಲಿ ಸ್ವಲ್ಪ ಲಕೋಟೆಯಲ್ಲಿ ಹಾಕಿ ಕಳಿಸಿದೆ. ಅದು ಹಾಗೆಯೇ ತಿರುಗಿ ಬಂತು, ಜೊತೆಗೆ ಒಂದು ಗಂಟು ಅವಲಕ್ಕಿ. ಹೊಲವನ್ನು ಪಾಲಿಗೆ ಕೊಟ್ಟು, ಎಮ್ಮೆಯನ್ನು ಮಾರಿ, ಅವರು ದೇವಿಕೊಪ್ಪದಲ್ಲಿದ್ದ ಮಗಳ ಮನೆಗೆ ಹೋಗಿ ಇದ್ದರು. ಅಳಿಯನ ಮನೆಯಲ್ಲಿ ಕೈಯಲ್ಲಿ ಒಂದು ಪೈಸೆ ಇಲ್ಲದೆ ಇರುವುದೆಂದರೆ ಏನೆಂದು ನನಗೆ ಆಗ ಅಷ್ಟಾಗಿ ತಿಳಿದಿರಲಿಲ್ಲ.

ಒಪ್ಪಿಗೆ ಬಂದಿತು. ಆರುನೂರೈವತ್ತರಲ್ಲಿ ಐದುನೂರಕ್ಕೆ ಮಾತ್ರ. ಉಳಿದದ್ದು ದರ ಹೆಚ್ಚಾಯಿತೆಂದು ನನ್ನ ಮೇಲೆ ಬಿತ್ತು. ಕಂತಿನಲ್ಲಿ ಮುರಿದುಕೊಂಡರು. ಅದರ ಬಗ್ಗೆ ನನಗೆ ಏನೂ ಅನಿಸಲಿಲ್ಲ. ಕೊನೆಯ ತಖ್ತೆಯನ್ನು ನಾನೇ ಬರೆದೆ, ಈ ಸಲ ಸಹಿಗೆ ದೇವಿಕೊಪ್ಪಕ್ಕೆ ಹೋದೆ. ಕಾಕೂ ಓದಲಿಲ್ಲ. ಎಲ್ಲಿ ಮಾಡಬೇಕು ಎಂದು ಕೇಳಿ, ತೋರಿಸಿದಲ್ಲಿ ಮಾಡಿದರು. ಮಗಳು ಚಹಾ ಕೊಟ್ಟಳು.

ಎರಡು ವರ್ಷದ ಮೇಲೆ, ನಾನು ಆ ನೌಕರಿ ಬಿಟ್ಟು ನವಲಗುಂದದ ಕಡೆ ಹೋಗುವ ಮುಂಚೆ, ಕಲಘಟಗಿಯ ಸಂತೆಯಲ್ಲಿ ಅವರು ಸಿಕ್ಕರು. ತಂಬೂರಿಗೆ ಮರಳಿ ಬಂದಿದ್ದರು. ಹೊಲವನ್ನು ಬಿಡಿಸಿಕೊಂಡು ಮತ್ತೆ ಸ್ವಂತ ಮಾಡಿಸುತ್ತಿದ್ದರು. ಮೆಣಸಿನಕಾಯಿ ಆರಿಸುತ್ತ ನನ್ನನ್ನು ನೋಡಿ, "ಮದವಿ ಆತೇನು?" ಎಂದರು. ಇನ್ನೂ ಇಲ್ಲ ಎಂದೆ.  ನನಗೆ ತಡೆಯಲಾಗಲಿಲ್ಲ.

"ಕಾಕೂ, ಅವತ್ತು ನಾ ಪೆನ್ನು ಕೊಡಬೇಕಾಗಿತ್ತೇನು?"

ಅವರು ಮೆಣಸಿನಕಾಯಿಯನ್ನು ತಕ್ಕಡಿಗೆ ಹಾಕಿಸಿ, ತೂಕ ಸರಿ ಇದೆಯೇ ಎಂದು ನೋಡಿ, ಚೀಲ ಕಟ್ಟಿದರು.

"ಮಗಳ ಮನ್ಯಾಗ ಆರು ತಿಂಗಳ ಕುಂತೆ. ಅದರಾಗ ಒಂದೊಂದು ದಿನ ನಿನ್ನ ಭಾಳ ಬೈದೇನಿ" ಎಂದರು. "ಒಂದೊಂದು ದಿನ ಬೈದಿಲ್ಲ."

ಚೀಲವನ್ನು ಸೊಂಟಕ್ಕೆ ಏರಿಸಿಕೊಂಡು, ಬಸ್ಸು ಬರುವ ಹೊತ್ತಾಯಿತೆಂದು ಹೊರಟರು. ಸ್ಟ್ಯಾಂಡಿನ ತನಕ ಚೀಲ ಹೊತ್ತು ಬರುತ್ತೇನೆಂದೆ. ಬೇಡ ಎನ್ನಲಿಲ್ಲ.